ಕ್ಯಾಶ್ ಕೌಂಟರಿಗೆ ವಿದಾಯ: ತಾಳೆಯಾದ ಲೆಕ್ಕ, ತೀರದ ಋಣ

ಬ್ಯಾಂಕಿನಲ್ಲಿ ಮೂವತ್ತು ವರ್ಷಗಳ ನೌಕರಿ ಮುಗಿಸಿ ನಿನ್ನೆ ಕ್ಯಾಶ್ ಕೌಂಟರಿನ ಬೀಗದ ಕೈ ಒಪ್ಪಿಸಿದೆ. ಬೀಳ್ಕೊಡುಗೆಯಲ್ಲಿ ಮಾತನಾಡಲು ನಿಂತಾಗ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡೆಯ ಹನ್ನೊಂದು ವರ್ಷಗಳಲ್ಲಿ ಕೌಂಟರಿನ ಕೊರತೆಗೆಂದು ನಾನು ಕೈಯಿಂದ ಒಂದು ರೂಪಾಯಿಯನ್ನೂ ತುಂಬಿಲ್ಲ. ಆ ಹೆಮ್ಮೆ ನನ್ನೊಬ್ಬನದಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲ ವರ್ಷಗಳು ಹಾಗಿರಲಿಲ್ಲ. ಸೇರಿದ ಎರಡನೆಯ ವರ್ಷ, ನೂರರ ಹತ್ತು ನೋಟು ಕೊಡಬೇಕಾದಲ್ಲಿ ಐನೂರರ ಹತ್ತು ನೋಟು ಕೊಟ್ಟುಬಿಟ್ಟೆ. ಸಂಜೆ 4,000 ಕಡಿಮೆ ಬಂತು. ಯಾರಿಗೆ ಕೊಟ್ಟೆನೆಂಬುದು ರಾತ್ರಿಯಾದರೂ ಹೊಳೆಯಲಿಲ್ಲ. ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು ಹಣ ಕೈಯಿಂದ ಹೋಯಿತು. ಅಂಥ ಸಣ್ಣ ದೊಡ್ಡ ಕೊರತೆಗಳನ್ನೆಲ್ಲ ಕೂಡಿದರೆ ಸುಮಾರು ಹದಿಮೂರು ಸಾವಿರವಾದರೂ ಕಟ್ಟಿರಬೇಕು. ನೋಟು ಎಣಿಸುವ ಯಂತ್ರ ಬಂದಾಗ ಕಷ್ಟ ತೀರಿತೆಂದುಕೊಂಡೆ. ಆದರೆ ನಮಗೆ ಬಂದ ಯಂತ್ರ ಎಷ್ಟು ನೋಟು ಎಂಬುದನ್ನು ಹೇಳುತ್ತಿತ್ತೇ ಹೊರತು ಯಾವ ನೋಟು ಎಂಬುದನ್ನಲ್ಲ.

ಕೊನೆಗೆ ನಾನು ಹಿಡಿದ ಕ್ರಮ ಬಹಳ ಸರಳವಾದದ್ದು. ಹಣ ಕೊಡುವಾಗ, ನೋಟು ಮುಟ್ಟುವ ಮೊದಲೇ ವೋಚರಿನ ಹಿಂಬದಿಯಲ್ಲಿ ಯಾವ ನೋಟು ಎಷ್ಟೆಂದು ನನ್ನ ಕೈಯಲ್ಲೇ ಬರೆಯುವುದು. ಹಣ ಪಡೆಯುವಾಗ, ಎಂಟ್ರಿ ಮುಗಿಯುವವರೆಗೆ ಗ್ರಾಹಕರ ನೋಟುಗಳನ್ನು ಮೇಜಿನ ಮೇಲೇ, ಅವರ ಕಣ್ಣೆದುರಿನಲ್ಲೇ ಇಟ್ಟಿರುವುದು. ಸುಮಾರು ನಲವತ್ತು ವೋಚರಿಗೊಮ್ಮೆ ಡ್ರಾಯರಿನ ಹಣವನ್ನು ಕಂಪ್ಯೂಟರಿನ ಮೊತ್ತದೊಂದಿಗೆ ತಾಳೆ ನೋಡುವುದು. ಸಂಜೆಯೊಮ್ಮೆ ನೋಡಿದರೆ ಸಾಲದೆ ಎಂದು ಸಹೋದ್ಯೋಗಿಗಳು ಕೇಳಿದರು, ಸಾಲು ಬಾಗಿಲು ದಾಟುತ್ತದೆ ಎಂದು ಆಗಿನ ಮ್ಯಾನೇಜರ್ ಎಚ್ಚರಿಸಿದರು. ಮೊದಲ ವಾರ ಸಾಲು ನಿಜವಾಗಿಯೂ ಬಾಗಿಲು ದಾಟಿತು.

ಆಗ ನನ್ನನ್ನು ಉಳಿಸಿದವರು ಗ್ರಾಹಕರು. ಚಲನ್ನಿನಲ್ಲಿ ನೋಟುಗಳ ವಿವರವನ್ನು ತಾವೇ ತುಂಬಿ, ನೋಟುಗಳ ಮುಖವನ್ನೆಲ್ಲ ಒಂದೇ ಕಡೆಗೆ ಜೋಡಿಸಿ ತನ್ನಿರೆಂದು ಒಬ್ಬೊಬ್ಬರನ್ನೇ ಕೇಳಿಕೊಂಡೆ. ಯಾರೂ ಬೇಸರಿಸಲಿಲ್ಲ. ಬರೆಯಲು ಬಾರದವರಿಗೆ ಪಕ್ಕದಲ್ಲಿ ನಿಂತವರು ಬರೆದುಕೊಟ್ಟರು. ಎರಡು ಮೂರು ತಿಂಗಳಲ್ಲಿ ಸಾಲು ಮೊದಲಿಗಿಂತ ಬೇಗ ಕರಗತೊಡಗಿತು. ನಡುವೆ ಒಂದೊಂದು ಬಗೆಯ ನೋಟಿಗೆ ಒಂದೊಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕಿಯೂ ನೋಡಿದೆ. ಬ್ಯಾಂಡು ಹರಿದಾಗ ಕೈಗೆ ಸಿಕ್ಕಿದ ಬಣ್ಣವನ್ನೇ ಹಾಕುವಂತಾಗಿ ಗೊಂದಲ ಹೆಚ್ಚಿತು, ಬಿಟ್ಟೆ.

ಕ್ರಮದ ಮೇಲೆ ಎಲ್ಲರಿಗೂ ನಂಬಿಕೆ ಬಂದದ್ದು ಒಂದು ಮಧ್ಯಾಹ್ನ. ತಾಳೆ ನೋಡಿದಾಗ 4,500 ಕಡಿಮೆ. ಒಂದು ಸೊನ್ನೆ ಬಿಟ್ಟುಹೋದರೆ ಇಲ್ಲವೇ ಹೆಚ್ಚಾದರೆ ವ್ಯತ್ಯಾಸ ಚಿಕ್ಕ ಮೊತ್ತದ ಒಂಬತ್ತರಷ್ಟಾಗುತ್ತದೆ. 4,500 ಅನ್ನು ಒಂಬತ್ತರಿಂದ ಭಾಗಿಸಿದರೆ ಸರಿಯಾಗಿ 500 ಬರುತ್ತದೆ. ಅಂದರೆ 5,000 ಇರಬೇಕಾದಲ್ಲಿ 500, ಇಲ್ಲವೇ 500 ಇರಬೇಕಾದಲ್ಲಿ 5,000 ಎಂಟ್ರಿಯಾಗಿರುವ ಸಾಧ್ಯತೆ ಇದೆ. ಹಿಂದಿನ ತಾಳೆಯ ನಂತರ ಬಂದಿದ್ದ ಮೂವತ್ತೆಂಟೋ ಏನೋ ವೋಚರುಗಳಲ್ಲಿ ಆ ಮೊತ್ತದವು ಮೂರೇ ಇದ್ದವು. ಅವುಗಳಲ್ಲೊಂದರ ಹಿಂಬದಿಯಲ್ಲಿ ಐನೂರರ ಹತ್ತು ನೋಟೆಂದು ನನ್ನದೇ ಬರಹವಿತ್ತು, ಎಂಟ್ರಿ ಮಾತ್ರ 500 ಆಗಿತ್ತು. ಅಧಿಕಾರಿಯ ಒಪ್ಪಿಗೆಯಿಂದ ತಿದ್ದಿದೆವು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಆದರೆ ಒಂಬತ್ತರ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. 4,500 ಎಂದರೆ ಐನೂರರ ಒಂಬತ್ತು ನೋಟೂ ಹೌದು, ಅವನ್ನು ಹೆಚ್ಚಾಗಿ ಕೊಟ್ಟಿರಲೂಬಹುದು. ವೋಚರಿನಲ್ಲಿ ತಪ್ಪು ಸಿಗದಿದ್ದರೆ ಚಲನ್ನಿನ ವಿವರಗಳನ್ನು ಕೂಡಿ, ಹಿಂಬದಿಯ ಬರಹಗಳನ್ನು ಕಳೆದು, ಡ್ರಾಯರಿನಲ್ಲಿ ಯಾವ ನೋಟು ಎಷ್ಟು ಉಳಿದಿರಬೇಕೆಂದು ನೋಡಬೇಕು. ಐನೂರರದು ಹತ್ತು ಕಡಿಮೆಯಾಗಿ ನೂರರದು ಹತ್ತು ಹೆಚ್ಚಾಗಿದ್ದರೆ, ಅದು ನನ್ನ ಎರಡನೆಯ ವರ್ಷದ ತಪ್ಪೇ. ಅಂದು ಈ ಬರಹ ಇದ್ದಿದ್ದರೆ ನೂರರ ಹತ್ತು ನೋಟೆಂದು ಬರೆದ ವೋಚರುಗಳನ್ನಷ್ಟೇ ಹುಡುಕಿದರೆ ಸಾಕಾಗುತ್ತಿತ್ತು. ಒಂದಕ್ಕೊಂದು ಅಂಟಿಕೊಂಡ ನೋಟನ್ನು ಬೆರಳಿನಲ್ಲೇ ಕಂಡುಹಿಡಿಯುವ ನನ್ನದೊಂದು ರೂಢಿಯಿದೆ. ಅದನ್ನು ನನ್ನ ಕುರ್ಚಿಗೆ ಬಂದಿರುವ ಹುಡುಗಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ಕೊರತೆ ಬಂದ ಸಂಜೆಗಳಲ್ಲಿ ಮನೆಗೆ ಹೋಗದೆ ನನ್ನೊಡನೆ ಕುಳಿತು ಕಟ್ಟುಗಳನ್ನು ಮತ್ತೆ ಮತ್ತೆ ಎಣಿಸಿದ ಹೆಡ್ ಕ್ಯಾಶಿಯರ್ ಅವರಿಗೆ, ತಾಳೆ ನೋಡುವ ಹೊತ್ತಿನಲ್ಲಿ ನನ್ನ ಸಾಲನ್ನು ತಮ್ಮ ಕೌಂಟರಿಗೆ ಕರೆದುಕೊಂಡ ಗೆಳೆಯರಿಗೆ, ಮೊದಲು ಬೇಡವೆಂದರೂ ಆಮೇಲೆ ಎಲ್ಲ ಕೌಂಟರುಗಳಲ್ಲೂ ಇದನ್ನೇ ನಡೆಸಿದ ಮ್ಯಾನೇಜರ್ ಅವರಿಗೆ ನಾನು ಋಣಿ. ಹೆಚ್ಚಿಗೆ ಹೋದ ನೋಟನ್ನು ಎಣಿಸಿ ನೋಡಿ ಮರುದಿನ ಬಾಗಿಲು ತೆರೆಯುವ ಮೊದಲೇ ತಂದು ನಿಂತಿದ್ದ ಗ್ರಾಹಕರೊಬ್ಬರಿಗೆ ನಾನು ಅಂದು ಸರಿಯಾಗಿ ಕೃತಜ್ಞತೆಯನ್ನೂ ಹೇಳಿರಲಿಲ್ಲ, ಕಣ್ಣು ತುಂಬಿಬಂದಿತ್ತು.

ನಿನ್ನೆ ಕೊನೆಯ ಚಲನ್ ಅವರದೇ ಆಗಿತ್ತು. ನಡುಗುವ ಕೈಬರಹದಲ್ಲಿ ವಿವರ ತುಂಬಿದ್ದರು, ನೋಟುಗಳ ಮುಖವೆಲ್ಲ ಒಂದೇ ಕಡೆಗಿತ್ತು. ಎರಡು ಸಲ ಎಣಿಸಿದೆ, ಸರಿಯಿತ್ತು. ಮುದ್ರೆ ಒತ್ತಿ ಅವರ ಭಾಗದ ಚೀಟಿಯನ್ನು ಹರಿದು ಕೈಗಿತ್ತೆ.