ಬಟ್ಟೆ ಸಾವ್ಕಾರರಿಗೆ ಕಂತಿನಲ್ಲಿ ದುಡ್ಡು ಕಟ್ಟಿದ್ದು

ಹುಬ್ಬಳ್ಳಿಯಲ್ಲಿ ನನ್ನದು ಶಾಲಾ ಯೂನಿಫಾರ್ಮ್ ಹೊಲಿಯುವ ಸಣ್ಣ ಯೂನಿಟ್. ಬಟ್ಟೆಯನ್ನೆಲ್ಲ ಮೇ ತಿಂಗಳಲ್ಲೇ ಉದ್ರಿ ತರಬೇಕು. ಶಾಲೆಗಳಿಂದ ದುಡ್ಡು ಬರೋದು ಮಾತ್ರ ನಿಧಾನ. ಆ ವರ್ಷ ಮೇ 6ರ ಬಿಲ್‌ನಲ್ಲಿ ಇನ್ನೂ 1,80,000 ರೂಪಾಯಿ ಬಾಕಿ ಇತ್ತು. 45 ದಿನದ ಗಡುವು, ಅಂದರೆ ಜೂನ್ 20. ಕಟ್ಟೋಕೆ ಆಗಲ್ಲ ಅಂತ ಜೂನ್ ಮೊದಲ ವಾರದಲ್ಲೇ ಗೊತ್ತಾಯಿತು.

ಮೊದಲು 60,000ದಂತೆ ಮೂರು ಕಂತು ಅಂದುಕೊಂಡೆ. ಆಮೇಲೆ ಲೆಕ್ಕದ ಪುಸ್ತಕ ತೆಗೆದು ಕೂತೆ. ಟೇಲರ್‌ಗಳ ಪಗಾರ, ಬಾಡಿಗೆ, ಕರೆಂಟ್ ಕಳೆದರೆ ತಿಂಗಳಿಗೆ ಕೈಯಲ್ಲಿ ಉಳಿಯೋದು ಸುಮಾರು 55,000. ಅದಕ್ಕೇ 40,000ಕ್ಕಿಂತ ಜಾಸ್ತಿ ಮಾತು ಕೊಡಬಾರದು ಅಂತ ನಿರ್ಧರಿಸಿದೆ. ಶಾಲೆಗಳ ದುಡ್ಡು ತಿಂಗಳ ಮೊದಲ ವಾರ ಬರುತ್ತದೆ, ಹಾಗಾಗಿ ಕಂತಿಗೆ 10ನೇ ತಾರೀಖು ಇಟ್ಟೆ. ಇನ್ನೊಂದು ವಿಷಯವನ್ನೂ ನೋಡಿಕೊಂಡೆ. ಬಿಲ್ ತಾರೀಖಿನಿಂದ 180 ದಿನದೊಳಗೆ ಪೂರ್ತಿ ಕೊಡದಿದ್ದರೆ, ಬಾಕಿ ಉಳಿದ ಮೊತ್ತಕ್ಕೆ ನಾವು ತಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಖರೀದಿ ಬಿಲ್‌ನ ತೆರಿಗೆ ಅಂತ ನಮ್ಮ ತೆರಿಗೆಯಲ್ಲಿ ಕಳೆದುಕೊಂಡ ದುಡ್ಡನ್ನು, ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ನನಗೆ ಅದು ನವೆಂಬರ್ 2. ಕೊನೆ ಕಂತು ಅದಕ್ಕಿಂತ ಮುಂಚೆಯೇ ಮುಗಿಯಬೇಕಿತ್ತು.

ಜೂನ್ 12ಕ್ಕೆ 30,000 ತಗೊಂಡು ಸಾವ್ಕಾರರ ಅಂಗಡಿಗೇ ಹೋದೆ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ. ದುಡ್ಡು ಕೈಗೆ ಕೊಟ್ಟ ಮೇಲೇ ಮಾತು ತೆಗೆದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಅಕ್ಕಾರ, ತಡಾ ಆದ್ರ ನಡೀತದ. ಫೋನ್ ಎತ್ತದಿದ್ರ ಮಾತ್ರ ನಡಿಯಂಗಿಲ್ಲ" ಅಂದರು. ನಾಲ್ಕು ಚೆಕ್ ಮುಂಗಡ ಬರೆದು ಕೊಡಿ ಅಂತಲೂ ಕೇಳಿದರು. ನಾನು ಒಪ್ಪಲಿಲ್ಲ. ಶಾಲೆಯ ದುಡ್ಡು ಎರಡು ದಿನ ತಡವಾಗಿ ಚೆಕ್ ಬೌನ್ಸ್ ಆದರೆ ಕೋರ್ಟಿನವರೆಗೂ ಹೋಗಬಹುದು. ಬದಲಿಗೆ, ಬಾಕಿ ತೀರುವವರೆಗೆ ಹೊಸ ಮಾಲನ್ನು ನಗದು ಕೊಟ್ಟೇ ಒಯ್ಯುತ್ತೇನೆ ಅಂದೆ. ಅವರ ಮುಖ ಸಡಿಲಾಗಿದ್ದು ಆಗಲೇ.

ಮನೆಗೆ ಬಂದು ವಾಟ್ಸಾಪ್ ಮಾಡಿದೆ:

"ಸಾವ್ಕಾರ್ರೇ, ನಮಸ್ಕಾರ. ಮೇ 6ರ ಬಿಲ್ ಬಾಕಿ 1,80,000. ಇವತ್ತು 30,000 ಕೊಟ್ಟಿದ್ದೇನೆ. ಉಳಿದ 1,50,000 ಹೀಗೆ ಕಳಿಸುತ್ತೇನೆ: ಜುಲೈ 10ಕ್ಕೆ 30,000. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ 10ಕ್ಕೆ 40,000ದಂತೆ. ಯಾವುದಾದರೂ ತಿಂಗಳು ತೊಂದರೆ ಅನಿಸಿದರೆ ಮೂರು ದಿನ ಮುಂಚೆ ನಾನೇ ಫೋನ್ ಮಾಡುತ್ತೇನೆ. ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಒಪ್ಪಿಗೆ ಇದ್ದರೆ ಒಂದು ಮಾತು ಬರೆಯಿರಿ."

"ಆತು" ಅಂತ ಉತ್ತರ ಬಂತು. ಅಷ್ಟು ಸಾಕಿತ್ತು.

ಆಗಸ್ಟ್‌ನಲ್ಲಿ ಒಂದು ಶಾಲೆ ಕೈಕೊಟ್ಟಿತು. 7ಕ್ಕೇ ಫೋನ್ ಮಾಡಿ ವಿಷಯ ಹೇಳಿದೆ. 10ಕ್ಕೆ 25,000, 16ಕ್ಕೆ ಉಳಿದ 15,000 ಕಳಿಸಿದೆ. ಏನೂ ಕಳಿಸದೆ ಇರೋದಕ್ಕಿಂತ ಇದ್ದಷ್ಟನ್ನು ಹೇಳಿದ ದಿನವೇ ಕಳಿಸಿದ್ದು ಒಳ್ಳೆಯದಾಯಿತು, ಅವರು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ.

ಅಕ್ಟೋಬರ್ 10ಕ್ಕೆ ಕೊನೆ ಕಂತು ಹಾಕಿ, ಅವರ ಖಾತೆ ಪುಸ್ತಕದ ಪ್ರತಿ ಕೇಳಿದೆ. ಬಣ್ಣ ಬೇರೆಯಾಗಿದೆ ಅಂತ ಜೂನ್‌ ಕೊನೆಗೆ ವಾಪಸ್ ಮಾಡಿದ್ದ ಒಂದು ಥಾನು ಅದರಲ್ಲಿ ಜಮೆ ಆಗಿರಲಿಲ್ಲ. ನನ್ನ ರಸೀದಿ ತೋರಿಸಿದೆ. ಅವರು ಅಲ್ಲೇ ಬರೆದು, ಆ 2,200 ರೂಪಾಯಿಯನ್ನು ಮುಂದಿನ ಬಿಲ್‌ಗೆ ಇಟ್ಟುಕೊಂಡರು.