ಡ್ಯಾಶ್‌ಬೋರ್ಡಿಗೆ ಹೊಸ ಬಣ್ಣ: ಥೀಮ್ ಬದಲಿಸಿದ ಮೇಲೂ ಹಳೆ ಕೆಂಪು ಯಾಕೆ ಉಳಿಯುತ್ತದೆ?

ಮಡಿಕೇರಿಯ ನಮ್ಮ ಕಾಫಿ ಆಫೀಸಿನಲ್ಲಿ ದಿನದ ಮಳೆ, ಗೋದಾಮಿನ ಮೂಟೆ, ತೇವಾಂಶ ಎಲ್ಲವೂ ಒಂದೇ ಗೂಗಲ್ ಶೀಟ್‌ನಲ್ಲಿದೆ. ಅದರ ಬಣ್ಣ ಬದಲಿಸಬೇಕು ಅಂತ ಅನ್ನಿಸಿದ್ದು ಗೋದಾಮು ನೋಡಿಕೊಳ್ಳುವ ಅಣ್ಣನಿಂದ. ರೋಬಸ್ಟಾ ಚೆರಿ ತೇವಾಂಶ 12.4 ಅಂತ ಇತ್ತು. 11 ದಾಟಿದ್ದರಿಂದ ಆ ಚೌಕ ಕೆಂಪಾಗಿತ್ತು. "ಯಾವುದು ಕೆಂಪು? ಎಲ್ಲಾ ಒಂದೇ ಥರ ಇದೆಯಲ್ಲಾ" ಅಂದರು. ಅವರಿಗೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಇಷ್ಟು ದಿನ ಸುಮ್ನೆ ಅಂಕಿ ಓದಿಕೊಂಡು ಕೆಲಸ ನಡೆಸಿದ್ದರು.

ಹಾಗಾಗಿ ಹಸಿರಿನ ಜಾಗಕ್ಕೆ ನೀಲಿ, ಕೆಂಪಿನ ಜಾಗಕ್ಕೆ ಕಿತ್ತಳೆ ತರುತ್ತಿದ್ದೇವೆ. ತಂಡದಲ್ಲಿ ಒಬ್ಬರೇ ಮಾಡಿದರೆ ಸಾಕು, ಯಾಕಂದರೆ ಥೀಮ್ ಇರುವುದು ಫೈಲಿನಲ್ಲಿ. ಒಬ್ಬರು ಬದಲಿಸಿದರೆ ಎಲ್ಲರ ಪರದೆಯಲ್ಲೂ ಬದಲಾಗುತ್ತದೆ. ನಿಮ್ಮ ಫೋನಿನ ಡಾರ್ಕ್ ಮೋಡ್ ಥರ ಅಲ್ಲ. ಮಾಡುವವರಿಗೆ ಫೈಲ್ ತಿದ್ದುವ ಅನುಮತಿ ಇರಬೇಕು. ಫೋನು ಬೇಡ, ಲ್ಯಾಪ್‌ಟಾಪ್‌ನಲ್ಲೇ ಮಾಡಿ.

ಮೊದಲು ಹಳೆ ರೂಪಕ್ಕೊಂದು ಹೆಸರಿಡಿ. File → Version history → Name current version ಒತ್ತಿ "ಹಳೆ ಬಣ್ಣ" ಅಂತ ಬರೆಯಿರಿ. ಇಲ್ಲೊಂದು ಎಚ್ಚರಿಕೆ ಬೇಕು. ಹಳೆಯದಕ್ಕೆ ವಾಪಸ್ ಹೋದರೆ ಬಣ್ಣದ ಜೊತೆ ಅಂಕಿಗಳೂ ವಾಪಸ್ ಹೋಗುತ್ತವೆ. ಬೆಳಿಗ್ಗೆ ಬಣ್ಣ ಬದಲಿಸಿ, ಮಧ್ಯಾಹ್ನ ಯಾರೋ ಮಳೆಯ ಇಂಚು, ಸೆಂಟ್ ತುಂಬಿಸಿ, ಸಂಜೆ ನೀವು ಹಿಂದಿನದನ್ನು ತಂದರೆ ಆ ದಿನದ ಮಳೆಯೇ ಮಾಯ. ಅದಕ್ಕೇ ಸಂಜೆ ಎಲ್ಲರೂ ತುಂಬಿಸಿ ಮುಗಿಸಿದ ಮೇಲೆ ಶುರು ಮಾಡಿ. ಜೋರು ಮಳೆ ಇದ್ದು ಕರೆಂಟು ಹೋಗಿ ಬಂದು ಮಾಡುತ್ತಿದ್ದರೆ ಮರುದಿನಕ್ಕೆ ಬಿಡಿ.

ಈಗ Format → Theme. ಬಲಗಡೆ ಒಂದು ಪಟ್ಟಿ ತೆರೆಯುತ್ತದೆ. ಅಲ್ಲಿರುವ ಸಿದ್ಧ ಥೀಮ್‌ಗಳನ್ನು ಬಿಟ್ಟು Customize ಒತ್ತಿ. Accent 1ರಿಂದ Accent 6ರವರೆಗೆ ಆರು ಬಣ್ಣ ಕಾಣುತ್ತವೆ. ಮೊದಲ ಎರಡನ್ನು ಮಾತ್ರ ಹೀಗೆ ಬದಲಿಸಿ:

```
Accent 1   #0072B2   (ನೀಲಿ)
Accent 2   #E69F00   (ಕಿತ್ತಳೆ)
```

ಕೈಯಿಂದ ಬಣ್ಣ ಹಚ್ಚದ ಗ್ರಾಫ್‌ಗಳು ಕೂಡಲೇ ಬದಲಾಗುತ್ತವೆ. ಕೆಲಸ ಮುಗಿಯಿತು ಅಂತ ನಾನೂ ಕುರ್ಚಿ ಹಿಂದಕ್ಕೆ ಸರಿಸಿದ್ದೆ. ಆದರೆ ಆ 12.4 ಇನ್ನೂ ಕೆಂಪಾಗಿಯೇ ಕೂತಿತ್ತು!

ಕಾರಣ ಸಣ್ಣದು. ಬಣ್ಣ ಆರಿಸುವ ಚೌಕದಲ್ಲಿ ಎರಡು ಗುಂಪುಗಳಿವೆ. ಮಾಮೂಲಿ ಬಣ್ಣಗಳಲ್ಲಿ ಒಂದನ್ನು ಆರಿಸಿದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ಥೀಮ್ ಏನೇ ಆದರೂ ಅದಕ್ಕೆ ಲೆಕ್ಕಕ್ಕಿಲ್ಲ. Theme ಅಂತ ಬರೆದಿರುವ ಸಾಲಿನಿಂದ ಆರಿಸಿದರೆ ಮಾತ್ರ ಅದು ಥೀಮ್ ಜೊತೆ ಬದಲಾಗುತ್ತದೆ. ನಮ್ಮ ಶೀಟು ಮಾಡಿದವರು (ನಾನೇ ಅನ್ನಿ) ತೇವಾಂಶದ ಕೆಂಪನ್ನು ಮಾಮೂಲಿ ಗುಂಪಿನಿಂದ ಎತ್ತಿದ್ದರು. ಹೊಸ ಥೀಮ್ ಹಾಕಿದ ಮೇಲೂ ಏನು ಹಳೆಯದಾಗಿ ಉಳಿದಿದೆಯೋ ಅದು ಕೈಯಿಂದ ಹಚ್ಚಿದ್ದು ಅಂತ ತಿಳಿದುಕೊಳ್ಳಿ.

ಸರಿಪಡಿಸಲು ತೇವಾಂಶದ ಹಾಳೆಗೆ ಹೋಗಿ, Ctrl+A ಒತ್ತಿ, Format → Conditional formatting ತೆರೆಯಿರಿ. 11ಕ್ಕಿಂತ ಜಾಸ್ತಿ ಎಂಬ ನಿಯಮದ ಮೇಲೆ ಒತ್ತಿ. ಬಣ್ಣದ ಡಬ್ಬಿಯ ಗುರುತಿನಲ್ಲಿ Theme ಸಾಲಿನ ಕಿತ್ತಳೆ ಆರಿಸಿ Done ಕೊಡಿ. ಹಸಿರಿನ ನಿಯಮಕ್ಕೂ ಹಾಗೇ ನೀಲಿ ಕೊಡಿ. ಈ ನಿಯಮಗಳು ಹಾಳೆಹಾಳೆಗೆ ಬೇರೆ. ಪಾರ್ಚ್‌ಮೆಂಟ್ ಹಾಳೆ, ಚೆರಿ ಹಾಳೆ ಎರಡರಲ್ಲೂ ಮಾಡಬೇಕು.

ಅಕ್ಷರದ ಬಣ್ಣವನ್ನೂ ನೋಡಿ. ನೀಲಿ ಮೇಲೆ ಬಿಳಿ ಅಕ್ಷರ ಚೆನ್ನಾಗಿ ಓದಲು ಬರುತ್ತದೆ. ಕಿತ್ತಳೆ ಮೇಲೆ ಬಿಳಿ ಬೇಡ, ಮಸುಕು. ಅಲ್ಲಿ ಕಪ್ಪೇ ಇರಲಿ. ಬಿಳಿ ಹಾಳೆಯ ಮೇಲೆ ಕಿತ್ತಳೆ ಅಕ್ಷರವೂ ಬೇಡ.

ಕೊನೆಗೆ ಆಫೀಸಿನ ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆಯಿರಿ. ಗೋದಾಮಿನ ಬಾಗಿಲಿಗೆ ಅಂಟಿಸುವುದು ಅದನ್ನೇ ಅಲ್ವಾ? ಹಿಂದೆ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಬರುತ್ತಿದ್ದವು. ಈಗ ನೀಲಿ ಗಾಢವಾಗಿ, ಕಿತ್ತಳೆ ತಿಳಿಯಾಗಿ ಬರುತ್ತದೆ. ನಾನು ತೆಗೆದ ಪ್ರತಿಯನ್ನು ಅಣ್ಣನ ಕೈಗೆ ಕೊಟ್ಟೆ. ಕನ್ನಡಕ ಹಾಕದೆಯೇ 12.4ರ ಮೇಲೆ ಬೆರಳಿಟ್ಟು, "ಇದನ್ನು ನಾಳೆ ಕಣಕ್ಕೆ ಹಾಕಿಸಬೇಕು" ಅಂದರು.