ಯಾವ ಬಟ್ಟೆ, ಯಾಕೆ ವಾಪಸು ಬಂತು: ಖರೀದಿ ವಿಭಾಗಕ್ಕೆ ಪ್ರತಿ ಸೋಮವಾರದ ವರದಿ

ಬೆಂಗಳೂರಿನ ಒಂದು ಆನ್‌ಲೈನ್ ಬಟ್ಟೆ ಅಂಗಡಿಯಲ್ಲಿ ಮಾರಾಟದ ಅಂಕಿಅಂಶಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾವು ಮುಖ್ಯವಾಗಿ ಮಾರುವುದು ಹೆಂಗಸರ ಕುರ್ತಿ, ಸೀರೆ ಮತ್ತು ರೆಡಿಮೇಡ್ ರವಿಕೆ. ಯಾವ ಉತ್ಪನ್ನ ಎಷ್ಟು ಪ್ರಮಾಣದಲ್ಲಿ, ಯಾವ ಕಾರಣಕ್ಕೆ ವಾಪಸು ಬರುತ್ತಿದೆ ಎಂಬ ಪಟ್ಟಿಯನ್ನು ಪ್ರತಿ ಸೋಮವಾರ ಬೆಳಿಗ್ಗೆ ಖರೀದಿ ವಿಭಾಗಕ್ಕೆ ಕಳಿಸಬೇಕೆಂದು ನನಗೆ ಹೇಳಿದಾಗ ಅದನ್ನು ಅರ್ಧ ದಿನದ ಕೆಲಸವೆಂದುಕೊಂಡಿದ್ದೆ. ಆ ವಾರ ವಾಪಸು ಬಂದ ಪೀಸುಗಳನ್ನು ಆ ವಾರ ಮಾರಾಟವಾದ ಪೀಸುಗಳಿಂದ ಭಾಗಿಸಿ, ನೂರರಿಂದ ಗುಣಿಸಿ ಕಳಿಸಿಬಿಟ್ಟೆ.

ಆ ಲೆಕ್ಕ ತಪ್ಪೆಂದು ಗೊತ್ತಾಗಿದ್ದು ದಸರಾ ಮಾರಾಟದ ಹೊತ್ತಿಗೆ. ರಿಯಾಯಿತಿ ಇದ್ದ ವಾರದಲ್ಲಿ 2,400 ಪೀಸು ಹೋದವು, 190 ವಾಪಸು ಬಂದವು. ಪ್ರಮಾಣ ಸುಮಾರು 8% ಎಂದು ಬರೆದೆ, ಎಲ್ಲರೂ ಖುಷಿಪಟ್ಟರು. ಎರಡು ವಾರ ಕಳೆದ ಮೇಲೆ ಮಾರಾಟ 900ಕ್ಕೆ ಇಳಿಯಿತು, ವಾಪಸು ಬಂದವು 310. ವರದಿಯಲ್ಲಿ 34% ಎಂದು ಕಂಡಾಗ ಖರೀದಿ ವಿಭಾಗದ ಮುಖ್ಯಸ್ಥೆ ಗುಣಮಟ್ಟ ಕುಸಿದಿದೆ ಎಂದುಕೊಂಡು ಮೂವರು ಸಪ್ಲೈಯರ್‌ಗಳಿಗೆ ಫೋನ್ ಮಾಡಿಯೂ ಆಗಿತ್ತು. ನಿಜಕ್ಕೂ ಕುಸಿದಿದ್ದು ಏನೂ ಇರಲಿಲ್ಲ. ಆ 310ರಲ್ಲಿ ಹೆಚ್ಚಿನವು ದಸರಾ ವಾರದ ಬಟ್ಟೆಗಳೇ ಆಗಿದ್ದವು, ಅವುಗಳನ್ನು ನಾನು ಸಂಬಂಧವೇ ಇಲ್ಲದ ಸಣ್ಣ ವಾರದ ಮಾರಾಟದಿಂದ ಭಾಗಿಸಿದ್ದೆ. ದಸರಾ ವಾರದ 2,400 ಪೀಸುಗಳನ್ನೇ ಹಿಂಬಾಲಿಸಿ ನೋಡಿದಾಗ 2,100 ಗ್ರಾಹಕರ ಕೈ ಸೇರಿದ್ದವು, ಅದರಲ್ಲಿ 378 ವಾಪಸು ಬಂದಿದ್ದವು. ಅಂದರೆ 18%, ನಮ್ಮಲ್ಲಿ ಎಂದಿನಂತೆ ಇರುವಷ್ಟೇ.

ಉಳಿದ 300 ಪೀಸುಗಳು ಗ್ರಾಹಕರ ಮನೆ ಬಾಗಿಲಿನಿಂದಲೇ ಹಿಂದಿರುಗಿದವು. ಕ್ಯಾಶ್ ಆನ್ ಡೆಲಿವರಿಯಲ್ಲಿ ಇದು ಸಾಮಾನ್ಯ. ಮನೆಯಲ್ಲಿ ಯಾರೂ ಇರುವುದಿಲ್ಲ, ಅಥವಾ ಪಾರ್ಸೆಲ್ ಬರುವಷ್ಟರಲ್ಲಿ ಮನಸ್ಸು ಬದಲಾಗಿರುತ್ತದೆ. ಪೊಟ್ಟಣವನ್ನೇ ಬಿಚ್ಚದವರಿಗೆ ಬಟ್ಟೆಯ ಬಗ್ಗೆ ಅಭಿಪ್ರಾಯವಿರಲು ಸಾಧ್ಯವಿಲ್ಲವಾದ್ದರಿಂದ, ಆರ್‌ಟಿಒ ಎಂದು ನಾವು ಕರೆಯುವ ಇವುಗಳನ್ನು ಖರೀದಿ ವಿಭಾಗದ ವರದಿಯಿಂದ ಪೂರ್ತಿ ಹೊರಗಿಟ್ಟು, ಕೊರಿಯರ್ ನೋಡಿಕೊಳ್ಳುವವರಿಗೆ ಬೇರೆಯಾಗಿ ಕಳಿಸಲು ತೊಡಗಿದೆ.

ಹಾಗಾಗಿ ಈಗ ನನ್ನ ಲೆಕ್ಕದ ಆಧಾರ ಡೆಲಿವರಿಯಾದ ವಾರ. ಒಂದು ವಾರ ಗ್ರಾಹಕರ ಕೈ ಸೇರಿದ ಪೀಸುಗಳಲ್ಲಿ ಎಷ್ಟಕ್ಕೆ ವಾಪಸಾತಿಯ ಕೋರಿಕೆ ಬಂತು ಎಂಬುದಷ್ಟೇ ಪ್ರಶ್ನೆ. ನಮ್ಮಲ್ಲಿ ವಾಪಸಿಗೆ ಏಳು ದಿನಗಳ ಅವಕಾಶವಿದೆ. ಭಾನುವಾರ ತಲುಪಿದ ಬಟ್ಟೆಗೆ ಮುಂದಿನ ಭಾನುವಾರದ ತನಕ ಕೋರಿಕೆ ಬರಬಹುದಾದ್ದರಿಂದ, ಸೋಮವಾರ ನಾನು ಕಳಿಸುವುದು ನಿನ್ನೆಗೆ ಮುಗಿದ ವಾರದ ಲೆಕ್ಕವನ್ನಲ್ಲ, ಅದರ ಹಿಂದಿನ ವಾರದ್ದನ್ನು. ಇದು ಹಳೆಯ ಸುದ್ದಿ ಎಂಬ ಆಕ್ಷೇಪ ಬಂತು. ಅರ್ಧ ಬೆಂದ ಸಂಖ್ಯೆಯನ್ನು ನಂಬಿ ಆರ್ಡರ್ ನಿಲ್ಲಿಸುವುದಕ್ಕಿಂತ ಒಂದು ವಾರ ತಡವಾಗುವುದೇ ಮೇಲು ಎಂದು ನಾನು ಪಟ್ಟು ಹಿಡಿದೆ. ಬಟ್ಟೆ ಗೋದಾಮಿಗೆ ಮರಳಿದ ದಿನವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಪಿಕಪ್ ತಡವಾದಾಗಲೆಲ್ಲ ಪ್ರಮಾಣ ಏರಿಳಿಯುತ್ತಿತ್ತು. ಕೋರಿಕೆಯ ದಿನವನ್ನು ಹಿಡಿದರೆ ಆ ತೊಂದರೆ ಇಲ್ಲ, ಆದರೆ ಗ್ರಾಹಕರೇ ರದ್ದು ಮಾಡಿದ ಕೋರಿಕೆಗಳನ್ನು ಕಳೆಯಬೇಕು. ಡೇಟಾಬೇಸ್‌ನಿಂದ ಈ ಲೆಕ್ಕ ತೆಗೆಯುವ ಕ್ವೆರಿ ಹೀಗಿದೆ:

```sql
WITH d AS (
  SELECT sku, COUNT(*) AS delivered
  FROM order_items
  WHERE delivered_on BETWEEN :mon AND :sun
  GROUP BY sku
), r AS (
  SELECT o.sku, x.reason, COUNT(*) AS returned
  FROM order_items o
  JOIN returns x ON x.order_item_id = o.id
  WHERE o.delivered_on BETWEEN :mon AND :sun
    AND x.status <> 'cancelled'
  GROUP BY o.sku, x.reason
)
SELECT d.sku, d.delivered, r.reason,
       COALESCE(r.returned, 0) AS returned
FROM d LEFT JOIN r ON r.sku = d.sku;
```

`order_items` ಕೋಷ್ಟಕದಲ್ಲಿ ಒಂದು ಪೀಸಿಗೆ ಒಂದು ಸಾಲು ಇದೆ, `sku` ಎಂದರೆ ಉತ್ಪನ್ನದ ಗುರುತಿನ ಸಂಖ್ಯೆಯಾದ ಎಸ್‌ಕೆಯು, `delivered_on` ಸಮಯವಿಲ್ಲದ ಬರೀ ದಿನಾಂಕ. ಈ ಕ್ವೆರಿಯಲ್ಲಿ ಒಂದು ಗುಂಡಿ ಇದೆ, ನಾನೇ ಅದರಲ್ಲಿ ಬಿದ್ದೆ. ಒಂದು ಕುರ್ತಿ ನಾಲ್ಕು ಕಾರಣಗಳಿಗೆ ವಾಪಸು ಬಂದಿದ್ದರೆ ಅದಕ್ಕೆ ನಾಲ್ಕು ಸಾಲುಗಳು ಬರುತ್ತವೆ, ಪ್ರತಿ ಸಾಲಿನಲ್ಲೂ `delivered` ಸಂಖ್ಯೆ ಮರುಕಳಿಸುತ್ತದೆ. ಎಕ್ಸೆಲ್‌ನಲ್ಲಿ ಪಿವೋಟ್ ಹಾಕಿ ಆ ಕಾಲಂ ಕೂಡಿಸಿದ್ದರಿಂದ ಛೇದ ನಾಲ್ಕು ಪಟ್ಟಾಗಿ, ಹೆಚ್ಚು ಬಗೆಯ ದೂರುಗಳಿರುವ ಉತ್ಪನ್ನವೇ ಒಳ್ಳೆಯದಾಗಿ ಕಾಣತೊಡಗಿತು. ಎರಡು ವಾರ ಹಾಗೆಯೇ ಕಳಿಸಿದ್ದೆ. ವರದಿಯ ಒಟ್ಟು ಡೆಲಿವರಿ ಸಂಖ್ಯೆ ಗೋದಾಮಿನಿಂದ ಹೊರಟ ಸಂಖ್ಯೆಗಿಂತಲೂ ಹೆಚ್ಚಿದೆ ಎಂದು ಅಕೌಂಟ್ಸ್‌ನವರು ತೋರಿಸಿದ ಮೇಲೆ, ಕಳಿಸುವ ಮುನ್ನ ಆ ಒಂದು ಮೊತ್ತವನ್ನು ಹೊಂದಿಸಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಸಂಖ್ಯೆಗಿಂತ ಹೆಚ್ಚು ಕಾಡಿದ್ದು ಕಾರಣ. ಆ್ಯಪ್‌ನಲ್ಲಿ ಗ್ರಾಹಕರು ಒಂದು ಪಟ್ಟಿಯಿಂದ ಕಾರಣವನ್ನು ಆರಿಸಬೇಕು. ಮೊದಲಿಗಿದ್ದದ್ದು ‘ಸೈಜ್ ಸಮಸ್ಯೆ’. ಸೀರೆಗಳೂ ಸೈಜ್ ಸಮಸ್ಯೆಯಿಂದ ವಾಪಸು ಬರುತ್ತಿರುವುದನ್ನು ಕಂಡಾಗಲೇ, ಕೆಲವರು ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತಿ ಮುಂದೆ ಹೋಗುತ್ತಿದ್ದಾರೆಂದು ತಿಳಿಯಿತು. ಆರು ಗಜದ ಸೀರೆಗೆ ಎಂಥ ಸೈಜ್! ಇನ್ನೊಂದು ಕಡೆ, ಬಟ್ಟೆ ಹಾಳಾಗಿದೆ ಎಂದರೆ ಪಿಕಪ್ ಶುಲ್ಕ ಹಿಡಿಯುವುದಿಲ್ಲ ಎಂಬ ನಿಯಮವಿದ್ದುದರಿಂದ ‘ಹಾಳಾಗಿತ್ತು’ ಎಂಬ ಕಾರಣ ಊದಿಕೊಂಡಿತ್ತು. ಪಟ್ಟಿಯ ಕ್ರಮ ಪ್ರತಿ ಸಲ ಬದಲಾಗುವಂತೆಯೂ, ‘ಸೈಜ್ ಸಮಸ್ಯೆ’ಯ ಬದಲು ‘ಬಿಗಿಯಾಯಿತು’, ‘ಸಡಿಲವಾಯಿತು’ ಎಂಬ ಎರಡು ಕಾರಣಗಳು ಇರುವಂತೆಯೂ, ಅವು ಸೀರೆಗೆ ಕಾಣಿಸದಂತೆಯೂ ಮಾಡಿಸಿದೆವು. ಬರೀ ಸೈಜ್ ಸಮಸ್ಯೆ ಎಂದರೆ ಖರೀದಿಯವರು ಮಾಡುವುದೇನು? ಬಿಗಿ ಎಂದರೆ ಅವರು ಸಪ್ಲೈಯರ್‌ನನ್ನು ಕೇಳಬಹುದು.

ಇದರ ಜೊತೆಗೆ ಗೋದಾಮಿನಲ್ಲಿ ವಾಪಸು ಬಂದ ಪೊಟ್ಟಣ ಬಿಚ್ಚುವವರು ತಾವು ಕಂಡದ್ದನ್ನು ಬೇರೆ ಕಾಲಂನಲ್ಲಿ ದಾಖಲಿಸುತ್ತಾರೆ. ಗ್ರಾಹಕರ ಮಾತನ್ನು ಗೋದಾಮಿನ ಮಾತಿನಿಂದ ಅಳಿಸಿ ಬರೆಯಬಾರದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಪ್ರಯೋಜನ. ಗ್ರಾಹಕರು ಹಾಳಾಗಿತ್ತು ಎಂದ ಕಡೆ ಗೋದಾಮಿನವರು ಸರಿಯಿದೆ ಎಂದಿದ್ದರೆ ಅದು ಸಪ್ಲೈಯರ್‌ನ ತಲೆಗೆ ಕಟ್ಟುವ ದೂರಲ್ಲ. ಬಿಗಿ, ಸಡಿಲ ಎಂಬುದರಲ್ಲಿ ಮಾತ್ರ ಗ್ರಾಹಕರ ಮಾತೇ ಕೊನೆ, ಏಕೆಂದರೆ ಬಟ್ಟೆಯನ್ನು ತೊಟ್ಟು ನೋಡಿದವರು ಅವರು. ಸೈಜ್ ಬದಲಿಸಿಕೊಂಡವರನ್ನೂ ನಾನು ವಾಪಸಿನ ಲೆಕ್ಕಕ್ಕೇ ಸೇರಿಸುತ್ತೇನೆ. ಹಣ ಮರಳಿಸಬೇಕಾಗಿಲ್ಲವೆಂದು ಅವರನ್ನು ಬಿಟ್ಟರೆ ಅಳತೆಯ ದೋಷದ ದೊಡ್ಡ ಭಾಗವೇ ಕಣ್ಮರೆಯಾಗುತ್ತದೆ.

ಪಟ್ಟಿಯನ್ನು ಶೇಕಡಾವಾರು ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ ಪ್ರತಿ ವಾರವೂ ಮೇಲೆ ಬರುತ್ತಿದ್ದದ್ದು ನಾಲ್ಕು ಹೋಗಿ ಎರಡು ಮರಳಿದಂಥ ಉತ್ಪನ್ನಗಳು. 50% ಎಂದು ಕೆಂಪಾಗಿ ಕಾಣುವ ಅವುಗಳಿಂದ ಕಲಿಯಲು ಏನೂ ಇಲ್ಲ. ಹಾಗಾಗಿ ಈಗ ನಾಲ್ಕು ವಾರಗಳ ಮೊತ್ತವನ್ನು ಹಿಡಿದು, ಆ ಬಗೆಯ ಬಟ್ಟೆಯ ಎಂದಿನ ಪ್ರಮಾಣದಂತೆ ಎಷ್ಟು ಬರಬೇಕಿತ್ತೋ ಅದಕ್ಕಿಂತ ಎಷ್ಟು ಪೀಸು ಹೆಚ್ಚು ಬಂದಿವೆ ಎಂಬುದರ ಮೇಲೆ ಜೋಡಿಸುತ್ತೇನೆ. ಕುರ್ತಿಗೆ ಎಂದಿನದು 18% ಎಂದಾದರೆ, ನಾಲ್ಕರಲ್ಲಿ ಎರಡು ಮರಳಿದ ಕುರ್ತಿಯ ಹೆಚ್ಚುವರಿ ಒಂದು ಚಿಲ್ಲರೆ ಪೀಸು. 160ರಲ್ಲಿ 48 ಮರಳಿದ ಕುರ್ತಿಯದು ಸುಮಾರು 19. ಪ್ರಮಾಣ 30% ಮಾತ್ರವಾದರೂ ಮಾತಾಡಬೇಕಾದದ್ದು ಎರಡನೆಯದರ ಬಗ್ಗೆ.

ಆ 160ರ ಕುರ್ತಿ ನಿಜವಾಗಿಯೂ ಇತ್ತು. ಜೈಪುರದಿಂದ ತರಿಸಿದ, ಅಚ್ಚಿನ ಮುದ್ರಣದ ಹತ್ತಿಯ ಕುರ್ತಿ, ನಮ್ಮಲ್ಲಿ ಒಂದು ವರ್ಷದಿಂದ ಚೆನ್ನಾಗಿ ಹೋಗುತ್ತಿದ್ದದ್ದು. 48 ವಾಪಸಿನಲ್ಲಿ 31ಕ್ಕೆ ‘ಬಿಗಿಯಾಯಿತು’ ಎಂಬ ಕಾರಣವಿತ್ತು. ಸೈಜ್‌ವಾರು ಬಿಡಿಸಿದಾಗ ಎಸ್, ಎಂ, ಎಲ್ ಮೂರೂ ಸೇರಿ 104ರಲ್ಲಿ 8 ಮಾತ್ರ ಬಿಗಿ ಎಂದು ಬಂದಿದ್ದವು. ಎಕ್ಸ್‌ಎಲ್‌ನಲ್ಲಿ 34ಕ್ಕೆ 14, ಡಬಲ್ ಎಕ್ಸ್‌ಎಲ್‌ನಲ್ಲಿ 22ಕ್ಕೆ 9. ಇಡೀ ಕುರ್ತಿಯೇ ಚಿಕ್ಕದಾಗಿದ್ದರೆ ಎಲ್ಲ ಸೈಜ್‌ಗಳಲ್ಲೂ ದೂರು ಬರಬೇಕಿತ್ತು. ಬಟ್ಟೆ ಒಗೆದಾಗ ಕುಗ್ಗಿದ್ದರೂ ಹಾಗೆಯೇ. ಮೇಲಿನ ಎರಡೇ ಸೈಜ್‌ಗಳಲ್ಲಿ ಬಂದಿದೆ ಎಂದರೆ ಒಂದು ಸೈಜ್‌ನಿಂದ ಮುಂದಿನದಕ್ಕೆ ಅಳತೆ ಏರಿಸುವಲ್ಲಿ ಎಡವಿದ್ದಾರೆ ಎಂದು ಅನ್ನಿಸಿತು.

ಗೋದಾಮಿಗೆ ಹೋಗಿ, ವಾಪಸು ಬಂದವುಗಳಲ್ಲಿ ಐದು ಎಕ್ಸ್‌ಎಲ್ ಕುರ್ತಿಗಳನ್ನು ಮೇಜಿನ ಮೇಲೆ ಹರಡಿ, ಕಂಕುಳಿನ ಹೊಲಿಗೆಯಿಂದ ಒಂದಿಂಚು ಕೆಳಗೆ ಟೇಪ್ ಹಿಡಿದು ಅಳೆದೆವು. ನಮ್ಮ ಅಳತೆ ಪಟ್ಟಿಯಂತೆ ಅಲ್ಲಿ 22 ಇಂಚು, ಅಂದರೆ ಸುತ್ತಳತೆ 44 ಇರಬೇಕಿತ್ತು. ಐದರಲ್ಲಿ ಒಂದೂ 21 ಕಾಲು ದಾಟಲಿಲ್ಲ. ಎಲ್ ಮಾತ್ರ ಸರಿಯಾಗಿ 21 ಇತ್ತು. ಎರಡಿಂಚು ಏರಬೇಕಾದ ಸುತ್ತಳತೆ ಅರ್ಧ ಇಂಚಷ್ಟೇ ಏರಿತ್ತು. ಡಬಲ್ ಎಕ್ಸ್‌ಎಲ್ ಅಳೆದಾಗ ನಮ್ಮ ಎಕ್ಸ್‌ಎಲ್‌ನ ಅಳತೆಯೇ ಸಿಕ್ಕಿತು.

“ವರ್ಷದಿಂದ ಇದೇ ಮಾಲು ಕೊಡುತ್ತಿದ್ದೇವೆ, ಈಗ ಇದ್ದಕ್ಕಿದ್ದಂತೆ ಯಾಕೆ ತಪ್ಪಾಗುತ್ತದೆ ಅಂತ ಸಪ್ಲೈಯರ್ ಕೇಳಿದರೆ ಏನು ಹೇಳಲಿ?” ಎಂದು ಖರೀದಿಯ ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎಸ್‌ಕೆಯು ಸಂಖ್ಯೆ ಹಳೆಯ ಲಾಟ್‌ಗೂ ಹೊಸ ಲಾಟ್‌ಗೂ ಒಂದೇ ಆಗಿದ್ದರಿಂದ ನನ್ನ ವರದಿಯಲ್ಲಿ ಎರಡನ್ನೂ ಬೇರ್ಪಡಿಸಿ ನೋಡಲು ಆಗುತ್ತಿರಲಿಲ್ಲ. ಮಾಲು ಬಂದಾಗ ಗೋದಾಮಿನಲ್ಲಿ ಹಾಕುವ ಜಿಆರ್‌ಎನ್ ಸಂಖ್ಯೆಯನ್ನು ಪ್ರತಿ ಪೀಸಿಗೂ ಜೋಡಿಸಿ ನೋಡಿದಾಗ ಉತ್ತರ ಸಿಕ್ಕಿತು: ಹಿಂದಿನ ಲಾಟ್‌ನ 41 ಎಕ್ಸ್‌ಎಲ್‌ಗಳಲ್ಲಿ ಬಿಗಿ ಎಂದು ಬಂದದ್ದು ಮೂರೇ. ಟೇಪ್ ಹಿಡಿದ ಫೋಟೋಗಳ ಜೊತೆ ಎರಡು ಲಾಟ್‌ಗಳ ಸಾಲುಗಳನ್ನೂ ಕಳಿಸಿದ ಮೇಲೆ, ಈ ಸಲ ಕತ್ತರಿಸುವ ಕೆಲಸವನ್ನು ಬೇರೆ ಘಟಕಕ್ಕೆ ಕೊಟ್ಟಿದ್ದಾಗಿ ಸಪ್ಲೈಯರ್ ಒಪ್ಪಿಕೊಂಡರು. ಉಳಿದ ಮಾಲಿನ ಕುತ್ತಿಗೆಯ ಲೇಬಲ್ ಬಿಚ್ಚಿ, ಎಕ್ಸ್‌ಎಲ್ ಅನ್ನು ಎಲ್ ಎಂದೂ ಡಬಲ್ ಎಕ್ಸ್‌ಎಲ್ ಅನ್ನು ಎಕ್ಸ್‌ಎಲ್ ಎಂದೂ ಹೊಲಿಸಿ ಮಾರಿದೆವು. ಅದರ ಖರ್ಚನ್ನು ಅವರ ಬಿಲ್ಲಿನಲ್ಲಿ ಕಳೆಯಲಾಯಿತು. ಅಂದಿನಿಂದ ನನ್ನ ವರದಿಯಲ್ಲಿ ಜಿಆರ್‌ಎನ್ ಕಾಲಂ ಕಾಯಂ ಆಗಿದೆ.

ಮೇಲ್‌ನಲ್ಲಿ ಈಗ ಹತ್ತೇ ಸಾಲುಗಳಿರುತ್ತವೆ, ಪೂರ್ತಿ ಪಟ್ಟಿ ಲಗತ್ತಿನಲ್ಲಿ. ಪ್ರತಿ ಸಾಲಿನಲ್ಲಿ ಬಟ್ಟೆಯ ಚಿಕ್ಕ ಫೋಟೋ, ಡೆಲಿವರಿ, ವಾಪಸು, ಹೆಚ್ಚುವರಿ ಪೀಸು, ಮುಖ್ಯ ಕಾರಣ ಮತ್ತು ಆ ದೂರು ಯಾವ ಸೈಜ್‌ನಲ್ಲಿ ಅಥವಾ ಲಾಟ್‌ನಲ್ಲಿ ಕೂಡಿಕೊಂಡಿದೆ ಎಂಬ ಒಂದು ವಾಕ್ಯ. ‘ಬಣ್ಣ ಫೋಟೋದಂತಿಲ್ಲ’ ಎಂಬ ಕಾರಣವನ್ನು ಈ ಹತ್ತರಿಂದ ತೆಗೆದು ಫೋಟೋ ತೆಗೆಯುವವರಿಗೆ ಕಳಿಸುತ್ತೇನೆ, ಅದು ಹೆಚ್ಚಾಗಿ ಸ್ಟುಡಿಯೋದ ದೀಪದ ಪ್ರಶ್ನೆ. ಆ ಜೈಪುರದ ಕುರ್ತಿಯ ಮುಂದಿನ ಲಾಟ್ ಬಂದಾಗ ಎಕ್ಸ್‌ಎಲ್‌ನಲ್ಲಿ ಬಿಗಿ ಎಂದು ಬಂದದ್ದು 38ಕ್ಕೆ ಎರಡು. ಅದಕ್ಕೂ ಮೊದಲೇ ಖರೀದಿಯ ಮೇಡಂ ಒಂದು ಬದಲಾವಣೆ ಮಾಡಿದ್ದರು: ಅಲ್ಲಿಯ ತನಕ ಒಪ್ಪಿಗೆಗೆಂದು ಎಂ ಸೈಜ್‌ನ ಒಂದೇ ಸ್ಯಾಂಪಲ್ ತರಿಸಿಕೊಳ್ಳುತ್ತಿದ್ದವರು, ಈಗ ಡಬಲ್ ಎಕ್ಸ್‌ಎಲ್‌ನದನ್ನೂ ತರಿಸಿ, ಟೇಪ್ ಹಿಡಿದ ಮೇಲೆಯೇ ಕತ್ತರಿಸಲು ಹೇಳುತ್ತಾರೆ.